ಐದು ಕಂತು ಮಾಡಿಸಿ ಎರಡು ಲಕ್ಷ ಕಳೆದುಕೊಂಡೆ

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಸೋದರಮಾವ ನನಗೆ ದೊಡ್ಡ ಮೊತ್ತ ಕಳಿಸ್ತೀನಿ ಅಂದಿದ್ದಾರೆ. ಬ್ಯಾಂಕಿನವರು, ಇನ್‌ಕಮ್ ಟ್ಯಾಕ್ಸ್‌ನವರು ಪ್ರಶ್ನೆ ಕೇಳದ ಹಾಗೆ ಸಣ್ಣ ಸಣ್ಣ ಕಂತಿನಲ್ಲಿ ತರಿಸಿಕೊಳ್ಳೋದು ಒಳ್ಳೇದಾ?

ಬೇಡ. ನಿಮ್ಮ ಜಾಗದಲ್ಲಿ ನಾನೇ ಇದ್ದೆ, ಇದನ್ನೇ ಯೋಚಿಸಿದ್ದೆ, ಮಾಡಿಯೂ ಮಾಡಿದೆ.

ನನಗೆ ಕಳಿಸಿದ್ದು ಚಿಕ್ಕಪ್ಪ. ಅಪ್ಪನ ಸ್ವಂತ ತಮ್ಮ, ಬಹಳ ವರ್ಷಗಳಿಂದ ಅಲ್ಲೇ ಇದ್ದಾರೆ, ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಮನೆ ಕಟ್ಟೋಕೆ ಅಂತ 40,000 ಡಾಲರ್ ಕೊಡುತ್ತೇನೆ ಅಂದರು, ವಾಪಸ್ ಬೇಡ ಅಂದರು. 10,000 ಡಾಲರ್ ದಾಟಿದರೆ ಸರ್ಕಾರಕ್ಕೆ ವರದಿ ಹೋಗುತ್ತೆ ಅಂತ ಅವರಿಗೆ ಯಾರೋ ಹೇಳಿದ್ದರು. ನಾನೂ ಹೌದೌದು, ಎಂಟೆಂಟು ಸಾವಿರ ಕಳಿಸಿ ಚಿಕ್ಕಪ್ಪ, ತಲೆನೋವು ಯಾಕೆ ಅಂದೆ.

ಆಮೇಲೆ ಗೊತ್ತಾಯಿತು, ಅಮೆರಿಕದ ಆ 10,000 ಡಾಲರ್ ನಿಯಮ ಇರುವುದು ನೋಟುಗಳಿಗೆ. ಕೌಂಟರಿನಲ್ಲಿ ನಗದು ಕಟ್ಟುವುದು, ತೆಗೆಯುವುದು, ಅದಕ್ಕೆ. ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಹಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅಂಥ ಹಣಕ್ಕೆ ಮೊತ್ತ ಎಷ್ಟಿದ್ದರೂ ಕಳಿಸಿದವರು ಯಾರು, ಪಡೆದವರು ಯಾರು ಅಂತ ಎರಡೂ ಕಡೆ ದಾಖಲೆ ಇದ್ದೇ ಇರುತ್ತೆ. ಅಲ್ಲಿ ಕೊಡುವವರ ಗಿಫ್ಟ್ ಟ್ಯಾಕ್ಸ್ ಲೆಕ್ಕವೂ ಇಡೀ ವರ್ಷದ ಒಟ್ಟು ಮೊತ್ತದ ಮೇಲೆ. 2025ರಲ್ಲಿ ಒಬ್ಬರಿಗೆ 19,000 ಡಾಲರ್ ದಾಟಿದರೆ ಕೊಟ್ಟವರು 709 ಅನ್ನೋ ಫಾರಂ ಹಾಕಬೇಕು, ಸಾಮಾನ್ಯವಾಗಿ ತೆರಿಗೆ ಏನೂ ಬೀಳಲ್ಲ. ಐದು ತುಂಡು ಮಾಡಿದರೂ ಒಟ್ಟು ಅದೇ ಅಲ್ವಾ.

ಮೊದಲ ಕಂತು ಬಂದ ದಿನವೇ ಸಣ್ಣ ಏಟು ಬಿತ್ತು. ನಮ್ಮ ಸೇವಿಂಗ್ಸ್ ಖಾತೆಗೆ ಡಾಲರ್ ಬರುವುದಿಲ್ಲ, ಇದು ನನಗೆ ಗೊತ್ತಿರಲಿಲ್ಲ. ಹಣ ಸ್ವಿಫ್ಟ್ ಮೂಲಕ ಮೊದಲು ನಮ್ಮ ಬ್ಯಾಂಕು ಹೊರದೇಶದ ಬ್ಯಾಂಕೊಂದರಲ್ಲಿ ಇಟ್ಟಿರುವ ಡಾಲರ್ ಖಾತೆಗೆ ಬೀಳುತ್ತೆ. ಅದನ್ನು ಇಲ್ಲಿ ಬ್ಯಾಂಕು ತನ್ನ ಕೊಳ್ಳುವ ದರದಲ್ಲಿ ರೂಪಾಯಿ ಮಾಡಿ ನಮಗೆ ಹಾಕುತ್ತೆ. ಆ ದರ ನೀವು ಮೊಬೈಲಿನಲ್ಲಿ ನೋಡುವ ದರಕ್ಕಿಂತ ಕಡಿಮೆ. ದಾರಿಯಲ್ಲಿ ಸಿಗುವ ಮಧ್ಯದ ಬ್ಯಾಂಕು ತನ್ನ ಪಾಲು ಮುರಿದುಕೊಳ್ಳುತ್ತೆ. ನನಗೆ 8,000 ಬದಲು 7,980 ಬಂತು. ಐದು ಸಲ ಇಪ್ಪತ್ತಿಪ್ಪತ್ತು ಹೋಯಿತು, ಚಿಕ್ಕಪ್ಪನ ಬ್ಯಾಂಕು ಪ್ರತಿ ಸಲ ತೆಗೆದುಕೊಂಡ ಶುಲ್ಕ ಬೇರೆ. ಇದೆಲ್ಲ ಪುಡಿಗಾಸು ಬಿಡಿ.

ಮೂರನೇ ಕಂತು ಬರಲೇ ಇಲ್ಲ. ನಾಲ್ಕು ದಿನ ಆದ ಮೇಲೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಿಂದ ಮೇಲ್ ಬಂತು. ಒಬ್ಬರಿಂದಲೇ ಒಂದೇ ತಿಂಗಳಲ್ಲಿ ಒಂದೇ ಮೊತ್ತ ಪದೇ ಪದೇ ಬರ್ತಿದೆ, ಯಾತಕ್ಕೆ ಅಂತ. ಪ್ರಶ್ನೆ ಬೇಡ ಅಂತ ಮಾಡಿದ ಉಪಾಯವೇ ಪ್ರಶ್ನೆಗೆ ಕಾರಣ ಆಯಿತು! ಜೊತೆಗೆ ಚಿಕ್ಕಪ್ಪ ಪ್ರತಿ ಸಲ ಕಾರಣದ ಜಾಗದಲ್ಲಿ ತೋಚಿದ್ದು ಬರೆದಿದ್ದರು. ಒಮ್ಮೆ ಗಿಫ್ಟ್, ಒಮ್ಮೆ ಮನೆ ಖರ್ಚು, ಒಮ್ಮೆ ಮನೆ ಕಟ್ಟೋಕೆ. ಇಲ್ಲಿ ಬರುವ ಪ್ರತಿ ವಿದೇಶಿ ಹಣಕ್ಕೂ ಬ್ಯಾಂಕು ಒಂದು ಪರ್ಪಸ್ ಕೋಡ್ ಹಾಕಬೇಕು. ಉಡುಗೊರೆಗೆ P1302, ಮನೆಯವರ ಖರ್ಚಿಗೆ P1301. ಒಂದೇ ಹಣಕ್ಕೆ ಎರಡು ಕಥೆ ಇದ್ದರೆ ಯಾರಿಗಾದರೂ ಅನುಮಾನ ಬರುತ್ತೆ.

ಕೇಳಿದ್ದು ದೊಡ್ಡದೇನಲ್ಲ. ಚಿಕ್ಕಪ್ಪ ಸಹಿ ಹಾಕಿದ ಒಂದು ಪುಟದ ಗಿಫ್ಟ್ ಪತ್ರ, ಅವರ ಪಾಸ್‌ಪೋರ್ಟ್ ಪ್ರತಿ, ಹಣ ಅವರ ಖಾತೆಯಿಂದಲೇ ಹೊರಟಿದ್ದಕ್ಕೆ ಸ್ಟೇಟ್‌ಮೆಂಟ್, ಅವರು ನನಗೆ ಏನಾಗಬೇಕು ಅನ್ನೋದಕ್ಕೆ ದಾಖಲೆ. ಅಪ್ಪ ಮತ್ತು ಚಿಕ್ಕಪ್ಪ ಇಬ್ಬರ ದಾಖಲೆಯಲ್ಲೂ ತಾತನ ಹೆಸರು ಇದ್ದಿದ್ದರಿಂದ ಕೊನೆಯದು ಸುಲಭ ಆಯಿತು. ಕೊಟ್ಟ ಎರಡನೇ ದಿನಕ್ಕೆ ಹಣ ಬಂತು.

ಇಷ್ಟಕ್ಕೇ ನಿಂತಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ. ಐದನೇ ಕಂತಿನ ಹೊತ್ತಿಗೆ ಚಿಕ್ಕಪ್ಪನ ಬ್ಯಾಂಕಿನ ಆನ್‌ಲೈನ್ ಮಿತಿ ಮುಗಿದಿತ್ತು. ಅವರು ಮಗನಿಗೆ ಫೋನ್ ಮಾಡಿ, ನೀನು ಕಳಿಸಿಬಿಡು, ಆಮೇಲೆ ನಿನಗೆ ಕೊಡ್ತೀನಿ ಅಂದರು. ಅವನು ತನ್ನ ಖಾತೆಯಿಂದ, ತನ್ನ ಹಣ, ಗಿಫ್ಟ್ ಅಂತ ಬರೆದು ಕಳಿಸಿದ. ನನಗೂ ಹೇಳಿದರು. ಅದಕ್ಕೇನು, ಕಳಿಸ್ಲಿ ಬಿಡಿ ಅಂದೆ. ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗ ಅಂದರೆ ತಮ್ಮನೇ. ಯಾರಾದರೂ ಕೇಳಿದರೆ ನನ್ನ ತಮ್ಮ ಅಂತಲೇ ಹೇಳುತ್ತೇನೆ.

ಆದಾಯ ತೆರಿಗೆ ಕಾನೂನಿಗೆ ಅವನು ತಮ್ಮನಲ್ಲ. ಅದರ ಪ್ರಕಾರ ಸಂಬಂಧಿಕರು ಯಾರು ಅಂತ ಒಂದು ಪಟ್ಟಿ ಇದೆ. ಗಂಡ ಹೆಂಡತಿ, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಯ ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಮೇಲೆ ತಾತ ಅಜ್ಜಿ, ಕೆಳಗೆ ಮಕ್ಕಳು ಮೊಮ್ಮಕ್ಕಳು, ಹೀಗೆ. ಇವರು ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆ ಇಲ್ಲ. ಚಿಕ್ಕಪ್ಪ ಪಟ್ಟಿಯಲ್ಲಿದ್ದಾರೆ, ಚಿಕ್ಕಪ್ಪನ ಮಗ ಇಲ್ಲ. ಪಟ್ಟಿಯಲ್ಲಿ ಇಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿ ಬಂದರೆ, ದಾಟಿದ್ದಷ್ಟಕ್ಕೆ ಅಲ್ಲ, ಪೂರ್ತಿ ಹಣಕ್ಕೆ ತೆರಿಗೆ. (ಮದುವೆಯಲ್ಲಿ ಮದುಮಕ್ಕಳಿಗೆ ಕೊಟ್ಟಿದ್ದಕ್ಕೆ ಈ ತಕರಾರಿಲ್ಲ.)

ನನಗೆ ಬಿದ್ದ ಲೆಕ್ಕ ನೋಡಿ. 7,980 ಡಾಲರ್, ದರ 80 ಅಂದುಕೊಳ್ಳಿ, 6,38,400 ರೂಪಾಯಿ. ನನ್ನ ಸಂಬಳ ಆಗಲೇ 30 ಪರ್ಸೆಂಟ್ ಸ್ಲ್ಯಾಬಿನಲ್ಲಿತ್ತು. ತೆರಿಗೆ 1,91,520, ಅದರ ಮೇಲೆ 4 ಪರ್ಸೆಂಟ್ ಸೆಸ್, ಒಟ್ಟು 1,99,181. ನಿಜವಾಗಿ ಕೊಟ್ಟವರು ಚಿಕ್ಕಪ್ಪನೇ ಸಾರ್ ಅಂತ ಆಡಿಟರ್ ಹತ್ತಿರ ಗೋಗರೆದೆ. ಅವರು ಕೇಳಿದ್ದು ಒಂದೇ, ಕಾಗದ ಇದೆಯಾ? ಚಿಕ್ಕಪ್ಪ ಮಗನಿಗೆ ಮೊದಲು ದುಡ್ಡು ಹಾಕಿರಲಿಲ್ಲ, ಪತ್ರ ಇರಲಿಲ್ಲ, ಬ್ಯಾಂಕಿನ ದಾಖಲೆಯಲ್ಲಿ ಕಳಿಸಿದವನ ಹೆಸರು, ಗಿಫ್ಟ್ ಅನ್ನೋ ಪದ, ಎರಡೂ ಸ್ಪಷ್ಟವಾಗಿತ್ತು. ವಾದ ಮಾಡಬಹುದು, ಗೆಲ್ಲೋ ಖಾತರಿ ಇಲ್ಲ ಅಂದರು. ಕಟ್ಟಿದೆ. ಮಗ ಆ ಹಣವನ್ನು ಮೊದಲು ಅವರಪ್ಪನ ಖಾತೆಗೆ ಹಾಕಿ, ಅವರಪ್ಪ ಮುಂದಿನ ತಿಂಗಳು ಕಳಿಸಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಇಪ್ಪತ್ತು ದಿನ ಕಾಯುವ ತಾಳ್ಮೆ ಇರಲಿಲ್ಲ ನಮಗೆ.

ಆದ್ದರಿಂದ ಪ್ರಶ್ನೆ ತಪ್ಪಿಸಿಕೊಳ್ಳೋದು ಹೇಗೆ ಅನ್ನೋ ಯೋಚನೆ ಬಿಡಿ. ಸೋದರಮಾವ ಅಂದರೆ ಅಮ್ಮನ ಸ್ವಂತ ಅಣ್ಣ ತಮ್ಮ ತಾನೇ? ಹಾಗಿದ್ದರೆ ಪಟ್ಟಿಯಲ್ಲಿದ್ದಾರೆ, ನಿಮಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಅಮ್ಮನ ಚಿಕ್ಕಪ್ಪನ ಮಗನನ್ನು ಮಾವ ಅಂತಿದ್ದರೆ ಮಾತು ಬೇರೆ, ಆಗ ತೆರಿಗೆ ಬೀಳುತ್ತೆ. ಅವರು ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ ವಿದೇಶಿ ದೇಣಿಗೆ ಕಾಯ್ದೆಯ ವಿಷಯವನ್ನೂ ಹಣ ಬರುವ ಮುಂಚೆ ಆಡಿಟರನ್ನು ಕೇಳಿಕೊಳ್ಳಿ.

ಹಣ ಒಂದೇ ಸಲ, ಅವರ ಸ್ವಂತ ಖಾತೆಯಿಂದ, ನಿಮ್ಮ ಒಬ್ಬರ ಖಾತೆಗೆ ಬರಲಿ. ನಿಮ್ಮ ಹೆಸರು ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ ಅವರಿಗೆ ಬರೆದು ಕಳಿಸಿ, ಇನಿಷಿಯಲ್ ಸಮೇತ. ಗಿಫ್ಟ್ ಪತ್ರವನ್ನು ಮೊದಲೇ ಮಾಡಿಸಿ, ಅದರಲ್ಲಿ ವಾಪಸ್ ಕೊಡಬೇಕಾಗಿಲ್ಲ ಅನ್ನೋ ಸಾಲು ಇರಲಿ. ಬಂದ ಮೇಲೆ ಬ್ಯಾಂಕಿನಿಂದ ವಿದೇಶಿ ಹಣ ಬಂದಿದ್ದಕ್ಕೆ ಅಡ್ವೈಸ್ ಅನ್ನೋ ಪತ್ರ ಕೇಳಿ ಪಡೆಯಿರಿ, ಕೇಳದೆ ಎಷ್ಟೋ ಕಡೆ ಕೊಡಲ್ಲ.

ಇನ್ನೊಂದು, ದೊಡ್ಡ ಮೊತ್ತ ಒಟ್ಟಿಗೆ ಬರುತ್ತೆ ಅಂತ ಮುಂಚೆಯೇ ಶಾಖೆಗೆ ಹೋಗಿ ಹೇಳಿದರೆ ದರದಲ್ಲಿ ಸ್ವಲ್ಪ ಚೌಕಾಸಿಗೆ ಒಪ್ಪುತ್ತಾರೆ. 40,000 ಡಾಲರಿಗೆ 30 ಪೈಸೆ ಜಾಸ್ತಿ ಸಿಕ್ಕರೂ 12,000 ರೂಪಾಯಿ. ಎಂಟೆಂಟು ಸಾವಿರ ತರಿಸಿಕೊಂಡ ನನ್ನ ಹತ್ತಿರ ಆ ಮಾತೇ ಯಾರೂ ಎತ್ತಲಿಲ್ಲ.