ತಡವಾದ GSTR-3B: ಬಡ್ಡಿ ಪೂರ್ತಿ ತೆರಿಗೆಯ ಮೇಲೋ, ನಗದಾಗಿ ಕಟ್ಟಿದ ಭಾಗದ ಮೇಲೋ?

ಪ್ರಶ್ನೆ: ಕಾರವಾರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೇ 2025ರ ಜಿಎಸ್‌ಟಿ ರಿಟರ್ನ್ GSTR-3B ಜೂನ್ 20ಕ್ಕೆ ಆಗಬೇಕಿತ್ತು, ಜುಲೈ 26ಕ್ಕೆ ಆಯಿತು. ಒಟ್ಟು ತೆರಿಗೆ 2,10,000, ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಜಮೆ, ಅಂದರೆ ಐಟಿಸಿ, 1,64,000, ನಗದು 46,000. ಈ ನಗದಿನಲ್ಲಿ 12,000ವನ್ನು ಜೂನ್ 18ಕ್ಕೆ, 34,000ವನ್ನು ಜುಲೈ 5ಕ್ಕೆ ಚಲನ್ ಮೂಲಕ ಕಟ್ಟಿದ್ದೆ. ಲೆಕ್ಕ ಬರೆಯುವವರು 3,728 ರೂಪಾಯಿ ಬಡ್ಡಿ ಎನ್ನುತ್ತಿದ್ದಾರೆ. ಇದು ಸರಿಯೇ?

ಉತ್ತರ:

ಸರಿಯಲ್ಲ. ನೀವು ಕೊಟ್ಟಿರುವ ಅಂಕಿಗಳು ನಿಜವಾಗಿದ್ದು, ಆ 2,10,000ದಲ್ಲಿ ಹಳೆಯ ತಿಂಗಳುಗಳ ಬಿಲ್ಲು ಯಾವುದೂ ಸೇರಿಲ್ಲವಾದರೆ ನೀವು ಕಟ್ಟಬೇಕಾದ ಬಡ್ಡಿ 604 ರೂಪಾಯಿ. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರಿಗಳ ಮತ್ತು ಸಣ್ಣ ಅಂಗಡಿಗಳ ತೆರಿಗೆ ಕೆಲಸ ನೋಡಿಕೊಳ್ಳುವವನು. ಮಳೆಗಾಲದಲ್ಲಿ ಕರೆಂಟು ಹೋಗಿ ಎರಡು ದಿನ ಬಾರದಿರುವ ನಮ್ಮ ಕಡೆ ತಡವಾದ ರಿಟರ್ನ್ ಅಪರೂಪವೇನಲ್ಲ, ಹಾಗಾಗಿ ಈ ಲೆಕ್ಕವನ್ನು ಪ್ರತಿ ವರ್ಷವೂ ಹಲವು ಸಲ ಮಾಡುತ್ತೇನೆ.

ನಿಮ್ಮ ಲೆಕ್ಕಿಗರು 3,728 ಎಂಬ ಅಂಕಿಗೆ ಹೇಗೆ ಬಂದರು ಎಂಬುದು ಸ್ಪಷ್ಟವಾಗಿದೆ. 2,10,000ಕ್ಕೆ ವರ್ಷಕ್ಕೆ ಶೇಕಡಾ 18ರಂತೆ 37,800, ಅದನ್ನು 36 ದಿನಕ್ಕೆ ಇಳಿಸಿದರೆ 3,728. ದಿನಗಳ ಎಣಿಕೆಯಲ್ಲಿ ತಪ್ಪಿಲ್ಲ, ಏಕೆಂದರೆ ಗಡುವಿನ ಮರುದಿನದಿಂದ, ಅಂದರೆ ಜೂನ್ 21ರಿಂದ, ರಿಟರ್ನ್ ಸಲ್ಲಿಸಿದ ಜುಲೈ 26ರವರೆಗೆ ಎಣಿಸಿದರೆ ಜೂನ್‌ನಲ್ಲಿ 10 ಮತ್ತು ಜುಲೈನಲ್ಲಿ 26, ಒಟ್ಟು 36 ದಿನಗಳೇ ಆಗುತ್ತವೆ. ದರವೂ ಸರಿಯಿದೆ, ಚಕ್ರಬಡ್ಡಿ ಹಾಕಿಲ್ಲವೆಂಬುದೂ ಸರಿ. ತಪ್ಪಿರುವುದು ಅಸಲು.

ಹಾಗೆಂದು ಅವರನ್ನು ತೀರಾ ದೂರುವಂತಿಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಆರಂಭವಾದಾಗ ಕೇಂದ್ರ ಕಾಯ್ದೆಯ 50ನೇ ಸೆಕ್ಷನ್‌ನಲ್ಲಿ ನಗದು ಭಾಗ, ಐಟಿಸಿ ಭಾಗ ಎಂಬ ಭೇದವೇ ಇರಲಿಲ್ಲ. 2020ರಲ್ಲಿ ನನ್ನ ಕಕ್ಷಿದಾರರೊಬ್ಬರಿಗೆ ಪೂರ್ತಿ ತೆರಿಗೆಯ ಮೇಲೆ ಬಡ್ಡಿ ಕೇಳಿ ಪತ್ರ ಬಂದಿತ್ತು. ಅವರ ಐಟಿಸಿ ಇಡೀ ತಿಂಗಳು ಲೆಡ್ಜರ್‌ನಲ್ಲೇ ಬಿದ್ದಿದ್ದರೂ, ಅಂದರೆ ಸರ್ಕಾರದ ಕೈಯಲ್ಲಿ ಆಗಲೇ ಇದ್ದ ಹಣಕ್ಕೂ, ಬಡ್ಡಿ ಕೊಡಿ ಎಂಬುದು ಆ ಪತ್ರದ ತಾತ್ಪರ್ಯ. ನಾವು ಬರೆದ ಉತ್ತರಕ್ಕೆ ತಿಂಗಳುಗಟ್ಟಲೆ ಮರುಮಾತೇ ಬರಲಿಲ್ಲ. ನಗದು ಭಾಗಕ್ಕೆ ಮಾತ್ರ ಬಡ್ಡಿ ಎಂಬ ಉಪವಾಕ್ಯ 2020ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು, ಮುಂದೆ 2021ರ ಹಣಕಾಸು ಕಾಯ್ದೆಯು ಅದನ್ನು ಹಿಂದಿನ ದಿನಾಂಕಕ್ಕೆ, 2017ರ ಜುಲೈ 1ಕ್ಕೇ, ಒಯ್ದಿತು. ಹಳೆಯ ರೂಢಿಯಲ್ಲಿ ಪಳಗಿದವರು ಇಂದಿಗೂ ಪೂರ್ತಿ ತೆರಿಗೆಯನ್ನೇ ಹಿಡಿದು ಲೆಕ್ಕ ಹಾಕುವುದುಂಟು.

ಈಗಿನ ನಿಯಮ ಹೀಗಿದೆ: ಯಾವ ತಿಂಗಳ ಮಾರಾಟವೋ ಅದೇ ತಿಂಗಳ ರಿಟರ್ನ್‌ನಲ್ಲಿ ಅದನ್ನು ತೋರಿಸಿದ್ದು, ರಿಟರ್ನ್ ಮಾತ್ರ ತಡವಾಗಿದ್ದರೆ, ಚಲನ್ ಹಣ ಜಮೆಯಾಗುವ ಕ್ಯಾಶ್ ಲೆಡ್ಜರ್‌ನಿಂದ ಕಳೆದ ತೆರಿಗೆಗೆ ಮಾತ್ರ ಬಡ್ಡಿ. ಲೆಕ್ಕದ ವಿಧಾನ 2022ರ ಜುಲೈಯಲ್ಲಿ ಸೇರಿಸಿದ 88ಬಿ ನಿಯಮದಲ್ಲಿದೆ. ಕೇಂದ್ರದ ಮತ್ತು ರಾಜ್ಯದ ತೆರಿಗೆಯನ್ನು ಬೇರೆ ಬೇರೆ ಹಿಡಿಯಬೇಕು, ನಿಮ್ಮ 46,000 ಎರಡಕ್ಕೂ ಸಮನಾಗಿ ಹಂಚಿಹೋಗಿದ್ದರೆ ಒಂದೊಂದರಲ್ಲಿ 23,000.

```
23000 × 18% × 36 / 365 = 408.33
```

ಎರಡೂ ಸೇರಿ ಸುಮಾರು 817 ರೂಪಾಯಿ. ಸಾಮಾನ್ಯವಾಗಿ ಲೆಕ್ಕ ಇಲ್ಲಿಗೆ ಮುಗಿಯುತ್ತದೆ, ಆದರೆ ನಿಮ್ಮ ವಿಷಯದಲ್ಲಿ ಜೂನ್ 18ರ ಚಲನ್ ಇದೆ.

2024ರ ಜುಲೈ 10ರಂದು 88ಬಿ ನಿಯಮಕ್ಕೆ ಒಂದು ಸೇರ್ಪಡೆಯಾಯಿತು. ಗಡುವಿನ ದಿನ ಅಥವಾ ಅದಕ್ಕೂ ಮೊದಲು ಕ್ಯಾಶ್ ಲೆಡ್ಜರ್‌ಗೆ ಜಮೆಯಾದ ಹಣ, ಗಡುವಿನ ದಿನದಿಂದ ರಿಟರ್ನ್ ಸಲ್ಲಿಸುವಾಗ ಖರ್ಚು ಬೀಳುವವರೆಗೂ ಅಲ್ಲೇ ಅಲುಗದೆ ಇದ್ದರೆ, ಆ ಮೊತ್ತವನ್ನು ಬಡ್ಡಿಯ ಲೆಕ್ಕದಿಂದ ಬಿಡಬೇಕು. ನಿಮ್ಮ 12,000 ಈ ಷರತ್ತಿಗೆ ಹೊಂದುತ್ತದೆ. ಅದು ಎರಡೂ ತೆರಿಗೆಗಳಿಗೆ 6,000ದಂತೆ ಹೋಗಿದ್ದರೆ ಒಂದೊಂದರಲ್ಲಿ ಉಳಿಯುವ ಅಸಲು 17,000.

```
17000 × 18% × 36 / 365 = 301.81
```

ರೂಪಾಯಿಗೆ ಸರಿಪಡಿಸಿದರೆ 302, ಎರಡೂ ಸೇರಿ 604.

ಜುಲೈ 5ರ 34,000ದ ವಿಷಯದಲ್ಲಿ ನಿಮಗೆ ನಿರಾಸೆ ತಪ್ಪದು. ಹಣ ಅಂದೇ ಬ್ಯಾಂಕಿನಿಂದ ಹೋಯಿತಲ್ಲ, ಬಡ್ಡಿ 15 ದಿನಕ್ಕೆ ನಿಲ್ಲಬಾರದೇ ಎಂದು ನನ್ನ ಬಳಿ ಬರುವ ಹೆಚ್ಚಿನವರು ಕೇಳುತ್ತಾರೆ, ಸಹಜ ನ್ಯಾಯದಿಂದ ನೋಡಿದರೆ ಆ ಮಾತಿನಲ್ಲಿ ಹುರುಳೂ ಇದೆ. ಆದರೆ ನಿಯಮ ಎಣಿಸುವುದು ರಿಟರ್ನ್ ಸಲ್ಲಿಕೆ ತಡವಾದ ದಿನಗಳನ್ನು. ಕ್ಯಾಶ್ ಲೆಡ್ಜರ್‌ನಲ್ಲಿರುವ ಹಣ ಇನ್ನೂ ನಿಮ್ಮದೇ, ರಿಟರ್ನ್‌ನಲ್ಲಿ ಹೊಂದಿಸಿದಾಗಲೇ ಅದು ತೆರಿಗೆಯಾಗುತ್ತದೆ. ಈ ತತ್ತ್ವಕ್ಕೆ ಕೊಟ್ಟಿರುವ ವಿನಾಯಿತಿ ಗಡುವಿನ ಒಳಗೆ ಬಂದ ಹಣಕ್ಕೆ ಮಾತ್ರ, ಗಡುವಿನ ನಂತರ ಬಂದ ಹಣಕ್ಕೆ ಸಲ್ಲಿಕೆಯ ದಿನದವರೆಗೂ ಬಡ್ಡಿ ಓಡುತ್ತದೆ. ಆದ್ದರಿಂದ ಚಲನ್ ಕಟ್ಟಿ, ರಿಟರ್ನ್ ನಾಳೆ ನೋಡೋಣ ಎಂದು ಕೂರುವುದರಿಂದ ಬಡ್ಡಿಯಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ.

12,000ದ ಲಾಭವನ್ನು ಪಡೆಯುವ ಮೊದಲು ಪೋರ್ಟಲ್‌ನಲ್ಲಿ ಕ್ಯಾಶ್ ಲೆಡ್ಜರ್ ತೆರೆದು ಜೂನ್ 18ರಿಂದ ಜುಲೈ 26ರವರೆಗಿನ ಸಾಲುಗಳನ್ನು ಒಂದೊಂದಾಗಿ ನೋಡಿ. ಕೊನೆಯ ಅಂಕಣದಲ್ಲಿ ಉಳಿಕೆ ಮೊತ್ತ ಕಾಣುತ್ತದೆ, ಅದು ಈ ಅವಧಿಯಲ್ಲಿ ಎಲ್ಲಿಯೂ ಕೆಳಗಿಳಿದಿರಬಾರದು. ಕಳೆದ ವರ್ಷ ಇಲ್ಲಿಯ ಅಡಿಕೆ ವ್ಯಾಪಾರಿಯೊಬ್ಬರು ಗಡುವಿನ ಮೊದಲೇ 9,000 ಇಟ್ಟಿದ್ದೇನೆಂದು ಖಂಡಿತವಾಗಿ ಹೇಳಿದರು. ಲೆಡ್ಜರ್ ತೆರೆದು ನೋಡಿದರೆ, ಅವರ ಹಿಂದಿನ ತಿಂಗಳ ರಿಟರ್ನ್ ಕೂಡ ತಡವಾಗಿ ಸಲ್ಲಿಕೆಯಾಗಿ ಅದೇ ಹಣದಲ್ಲಿ 5,000 ಅದಕ್ಕೆ ಹೊಂದಿಕೆಯಾಗಿಹೋಗಿತ್ತು. ಆಮೇಲೆ ಅವರು ಮತ್ತೆ ಹಣ ತುಂಬಿ ಉಳಿಕೆಯನ್ನು ಮೊದಲಿಗಿಂತ ಹೆಚ್ಚು ಮಾಡಿದ್ದರೂ, ಗಡುವಿನಿಂದ ಸಲ್ಲಿಕೆಯವರೆಗೆ ಅಲುಗದೆ ನಿಂತದ್ದು 4,000 ಮಾತ್ರ, ಬಿಡಬಹುದಾದದ್ದೂ ಅಷ್ಟೇ. ಜೊತೆಗೆ ಆ ಹಣ ತೆರಿಗೆಯ ಶೀರ್ಷಿಕೆಯಲ್ಲೇ ಇತ್ತೇ ಎಂದೂ ನೋಡಬೇಕು. ಚಲನ್ ತುಂಬುವಾಗ ಕೈತಪ್ಪಿ ಬಡ್ಡಿಯ ಅಥವಾ ಶುಲ್ಕದ ಶೀರ್ಷಿಕೆಗೆ ಹಾಕಿದ ಹಣವನ್ನು PMT-09 ಫಾರ್ಮ್ ಮೂಲಕ ತೆರಿಗೆಗೆ ವರ್ಗಾಯಿಸದೆ ಬಳಸಲಾಗುವುದಿಲ್ಲ.

ಇನ್ನು ನಾನು ಮೊದಲ ಸಾಲಿನಲ್ಲೇ ಹಾಕಿದ ಷರತ್ತು. ಆ 2,10,000ದಲ್ಲಿ ಹಿಂದಿನ ತಿಂಗಳ ಬಿಲ್ಲೊಂದು ಸೇರಿದ್ದರೆ ಆ ಬಿಲ್ಲಿನ ಮಟ್ಟಿಗೆ ನಿಮ್ಮ ಲೆಕ್ಕಿಗರ ವಿಧಾನವೇ ಸರಿಯಾಗುತ್ತದೆ. ಉದಾಹರಣೆಗೆ, ಫೆಬ್ರುವರಿಯಲ್ಲಿ ದೋಣಿ ರಿಪೇರಿಯವರೊಬ್ಬರಿಗೆ ಕೊಟ್ಟ ಸಾಮಾನಿನ 18,000 ರೂಪಾಯಿ ತೆರಿಗೆಯ ಬಿಲ್ಲು ಕಡತದಲ್ಲಿ ಅಡಗಿ ಕುಳಿತಿದ್ದು, ನೀವು ಅದನ್ನು ಮೇ ತಿಂಗಳ ರಿಟರ್ನ್‌ಗೆ ಸೇರಿಸಿದಿರೆನ್ನೋಣ. ಅದು ಮಾರಾಟವಾದ ತಿಂಗಳ ರಿಟರ್ನ್‌ನಲ್ಲಿ ಕಾಣಿಸಿಕೊಳ್ಳಲಿಲ್ಲ, ಹಾಗಾಗಿ ನಗದು ಭಾಗದ ರಿಯಾಯಿತಿ ಅದಕ್ಕೆ ಅನ್ವಯಿಸದು. ಆ ತೆರಿಗೆಯನ್ನು ನೀವು ಐಟಿಸಿಯಿಂದಲೇ ತೀರಿಸಿದ್ದರೂ ಪೂರ್ತಿ 18,000ದ ಮೇಲೆ, ಫೆಬ್ರುವರಿಯ ಗಡುವಾದ ಮಾರ್ಚ್ 20ರ ಮರುದಿನದಿಂದ ಜುಲೈ 26ರವರೆಗೆ, 128 ದಿನಗಳ ಬಡ್ಡಿ ಬೀಳುತ್ತದೆ. ಅದು 1,136 ರೂಪಾಯಿ, ನಿಮ್ಮ ಇಡೀ ಮೇ ತಿಂಗಳ ಬಡ್ಡಿಯ ಹೆಚ್ಚುಕಡಿಮೆ ಎರಡರಷ್ಟು. ಆಗ ಮೇ ತಿಂಗಳ 36 ದಿನದ ಲೆಕ್ಕದಿಂದ ಈ 18,000ವನ್ನು ಬೇರ್ಪಡಿಸಬೇಕೇ ಹೊರತು ಎರಡೂ ಕಡೆ ಬಡ್ಡಿ ಹಾಕಬಾರದು. GSTR-3Bಯಲ್ಲಿ ಯಾವ ತೆರಿಗೆ ಯಾವ ತಿಂಗಳದ್ದೆಂದು ವಿಂಗಡಿಸಿ ತೋರಿಸಲು Tax Liability Breakup ಎಂಬ ಜಾಗವಿದೆ, ಅಲ್ಲಿ ಫೆಬ್ರುವರಿ ಎಂದು ತುಂಬದಿದ್ದರೆ ಪೋರ್ಟಲ್ ಅದನ್ನೂ ಮೇ ತಿಂಗಳದ್ದೆಂದೇ ತಿಳಿಯುತ್ತದೆ.

ಪೂರ್ತಿ ತೆರಿಗೆಯ ಮೇಲೆ ಬಡ್ಡಿ ಬೀಳುವ ಇನ್ನೊಂದು ಸಂದರ್ಭವೆಂದರೆ, ಆ ಅವಧಿಯ ಬಗ್ಗೆ 73 ಅಥವಾ 74ನೇ ಸೆಕ್ಷನ್‌ನಡಿ, 2024-25ರಿಂದೀಚಿನ ಅವಧಿಗಳಿಗೆ 74ಎ ಅಡಿ, ಇಲಾಖೆಯ ಕ್ರಮ ಆರಂಭವಾದ ನಂತರ ರಿಟರ್ನ್ ಸಲ್ಲಿಸುವುದು. ರಿಟರ್ನ್ ಬಾಕಿ ಇದೆಯೆಂದು ಬರುವ GSTR-3A ನೋಟಿಸು ಈ ಬಗೆಯದಲ್ಲ, ಅದು ಬಂದಿದ್ದರೆ ಗಾಬರಿ ಬೇಡ.

ಪಾವತಿಯ ವಿಷಯಕ್ಕೆ ಬರುತ್ತೇನೆ. ಬಡ್ಡಿಯನ್ನು ಐಟಿಸಿಯಿಂದ ತೀರಿಸಲಾಗದು, ಚಲನ್‌ನಲ್ಲಿ Interest ಶೀರ್ಷಿಕೆಯಡಿ ಎರಡೂ ತೆರಿಗೆಗಳಿಗೆ 302ರಂತೆ ನಗದಾಗಿಯೇ ಕಟ್ಟಬೇಕು. ಮೇ ತಿಂಗಳ ತಡಕ್ಕೆ ಪೋರ್ಟಲ್ ಹಾಕುವ ಬಡ್ಡಿ ಜೂನ್ ತಿಂಗಳ GSTR-3Bಯ 5.1 ಕೋಷ್ಟಕದಲ್ಲಿ ಕಾಣಿಸುತ್ತದೆ, ತಡ ಶುಲ್ಕವೂ ಆ ರಿಟರ್ನ್‌ನಲ್ಲೇ ಬರುತ್ತದೆ, ಅದರ ಲೆಕ್ಕ ಬೇರೆ. ಅಲ್ಲಿ 408ರ ಆಸುಪಾಸಿನ ಅಂಕಿ ಕಂಡರೆ ನಿಮ್ಮ ಜೂನ್ 18ರ ಹಣ ಲೆಕ್ಕಕ್ಕೆ ಬಂದಿಲ್ಲವೆಂದೂ, 302ರ ಆಸುಪಾಸಿನದು ಕಂಡರೆ ಬಂದಿದೆಯೆಂದೂ ತಿಳಿಯಿರಿ. 1,864ರ ಹತ್ತಿರದ ಅಂಕಿಯನ್ನು ನಿಮ್ಮ ಲೆಕ್ಕಿಗರು ಕೈಯಾರೆ ತುಂಬಿದ್ದರೆ ಸಲ್ಲಿಸುವ ಮೊದಲೇ ತಿದ್ದಿಸಿ.

ಮತ್ತೊಂದು ಸಂಗತಿ ನಿಮ್ಮ ದಿನಾಂಕಗಳನ್ನು ನೋಡಿದಾಗ ಹೊಳೆಯಿತು. ಮೇ ತಿಂಗಳದ್ದು ಸಲ್ಲಿಕೆಯಾಗದೆ ಜೂನ್ ತಿಂಗಳದ್ದನ್ನು ಸಲ್ಲಿಸಲು ಪೋರ್ಟಲ್ ಬಿಡುವುದಿಲ್ಲ, ಮತ್ತು ಜೂನ್‌ನ ಗಡುವು ಜುಲೈ 20ಕ್ಕೇ ಮುಗಿದಿದೆ. ಆ ರಿಟರ್ನ್ ಇನ್ನೂ ಸಲ್ಲಿಕೆಯಾಗಿಲ್ಲದಿದ್ದರೆ, ಅದರ ನಗದು ಭಾಗದ ಮೇಲೆ ಜುಲೈ 21ರಿಂದ ಬಡ್ಡಿ ಓಡುತ್ತಿದೆ, ಈಗ ಬರಿದೇ ಚಲನ್ ಕಟ್ಟಿದರೆ ಅದು ನಿಲ್ಲುವುದಿಲ್ಲ.