‘ಬೇಡ’ ಎಂದವರಿಗೆ ಬರೆಯುವ ನಾಲ್ಕು ಸಾಲು

*ಸಂಪಾದಕರಿಗೆ ನಮಸ್ಕಾರ. ನಾವು ಮನೆಯಲ್ಲೇ ಮುರುಗಲು ಸಿರಪ್ ಮಾಡಿ ಮಾರುತ್ತೇವೆ. ನವೆಂಬರ್ ಮೊದಲ ವಾರ ಗೋಕರ್ಣದ ಒಂದು ರೆಸಾರ್ಟಿನ ಮ್ಯಾನೇಜರಿಗೆ ವಾಟ್ಸಾಪಿನಲ್ಲಿ ದರಪಟ್ಟಿ ಕಳಿಸಿದ್ದೆ. ‘ಆಸಕ್ತಿ ಇಲ್ಲ. ನಮಗೆ ಕಾಯಂ ಸಪ್ಲೈ ಮಾಡುವವರಿದ್ದಾರೆ’ ಎಂದು ಉತ್ತರ ಬಂತು. ಸುಮ್ಮನಿರಲೇ, ರೇಟು ಇಳಿಸಿ ಇನ್ನೊಮ್ಮೆ ಕೇಳಲೇ? ಮುಂದೆ ಎಂದಾದರೂ ಇವರ ಜೊತೆ ವ್ಯಾಪಾರ ಮಾಡುವ ಆಸೆಯಂತೂ ಇದೆ.*
*— ಓದುಗರು, ಶಿರಸಿ ತಾಲೂಕು*

ಎರಡೂ ಬೇಡ. ಉತ್ತರ ಬಂದ ದಿನವೇ, ತಪ್ಪಿದರೆ ಮರುದಿನ, ಇಷ್ಟು ಬರೆದರೆ ಸಾಕು:

“ನಮಸ್ಕಾರ ಸರ್. ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ. ನಿಮಗೆ ಕಾಯಂ ಪೂರೈಕೆ ಇರುವುದು ಗೊತ್ತಾಯಿತು. ಮುಂದೆ ಎಂದಾದರೂ ಮುರುಗಲು ಸಿರಪ್ ಬೇಕೆನಿಸಿದರೆ ಇದೇ ನಂಬರಿಗೆ ತಿಳಿಸಿ. ಈ ಸೀಸನ್ ಚೆನ್ನಾಗಿ ನಡೆಯಲಿ.”

ಇದರಲ್ಲಿ ಒಂದೂ ಪ್ರಶ್ನೆಯಿಲ್ಲ ಎಂಬುದನ್ನು ಗಮನಿಸಿ. ‘ಕಾರಣ ತಿಳಿಸಬಹುದೇ’, ‘ಈಗ ಎಷ್ಟಕ್ಕೆ ತರಿಸುತ್ತೀರಿ’ ಎಂದು ಕೇಳಿದರೆ, ಮುಗಿಯಿತು ಎಂದುಕೊಂಡಿದ್ದ ಕೆಲಸವನ್ನು ಅವರ ತಲೆಗೆ ಮತ್ತೆ ಹೊರಿಸಿದಂತೆ. ‘ಬೇಡ’ ಎಂದದ್ದನ್ನು ಅವರು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಸಮರ್ಥಿಸಿಕೊಂಡಷ್ಟೂ ಆ ಮಾತು ಗಟ್ಟಿಯಾಗುತ್ತದೆ. ಮುಂದೆ ನಿಮ್ಮ ಹೆಸರು ಕಂಡಾಗ ಸಿರಪ್ಪಿಗಿಂತ ಮೊದಲು ಆ ಜಗ್ಗಾಟ ನೆನಪಾಗುತ್ತದೆ.

ರೇಟು ಇಳಿಸುವುದು ಅದಕ್ಕಿಂತ ದುಬಾರಿ ತಪ್ಪು. ಅವರು ದರ ಹೆಚ್ಚಾಯಿತು ಎಂದಿಲ್ಲ. ಕಾಯಂ ಜನ ಇದ್ದಾರೆ ಎಂದಿದ್ದಾರೆ. ಹೇಳದ ದೂರಿಗೆ ಪರಿಹಾರ ಕೊಟ್ಟರೆ, ಮೊದಲು ಹೇಳಿದ ದರದಲ್ಲೇ ಏನೋ ಹೆಚ್ಚುವರಿ ಇತ್ತು ಎಂಬ ಅನುಮಾನ ಹುಟ್ಟುತ್ತದೆ. ಎರಡು ವರ್ಷ ಬಿಟ್ಟು ಅವರೇ ಕೇಳಿಕೊಂಡು ಬಂದರೂ ಮಾತು ಶುರುವಾಗುವುದು ಆ ಇಳಿಸಿದ ದರದಿಂದಲೇ.

‘ಇನ್ನು ಮುಂದೆ ತೊಂದರೆ ಕೊಡುವುದಿಲ್ಲ’ ಎಂಬ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಸೌಜನ್ಯಕ್ಕೆಂದು ಅದನ್ನು ಬರೆದು ಆರು ತಿಂಗಳಿಗೆ ಮತ್ತೆ ಸಂದೇಶ ಕಳಿಸಿದರೆ ಕೊಟ್ಟ ಮಾತು ಮುರಿದಂತಾಗುತ್ತದೆ. ಹಾಗೆಂದು ‘ಮುಂದಿನ ತಿಂಗಳು ವಿಚಾರಿಸುತ್ತೇನೆ’ ಎಂದೂ ಬರೆಯಬೇಡಿ. ಅದು ಅವರ ‘ಬೇಡ’ವನ್ನು ಕೇಳಿಸಿಕೊಳ್ಳದವರ ಮಾತು. ಒಂದು ವೇಳೆ ಅವರು ‘ಮತ್ತೆ ಮೆಸೇಜ್ ಮಾಡಬೇಡಿ’ ಎಂದೇ ಬರೆದಿದ್ದರೆ ಲೆಕ್ಕ ಬೇರೆ. ‘ಆಗಲಿ ಸರ್, ನಿಮ್ಮ ನಂಬರ್ ತೆಗೆದಿದ್ದೇನೆ’ ಎಂಬ ಒಂದೇ ಸಾಲು, ಆಮೇಲೆ ನಿಮ್ಮ ಕಡೆಯಿಂದ ಎಂದಿಗೂ ಏನೂ ಇಲ್ಲ.

ಉತ್ತರ ಕಳಿಸಿದ ಕೂಡಲೇ ಅವರ ನಂಬರನ್ನು ನಿಮ್ಮ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಇಷ್ಟು ಚೆಂದದ ಉತ್ತರ ಬರೆದಿರುತ್ತಾರೆ, ನಾಲ್ಕು ದಿನ ಬಿಟ್ಟು ಎಲ್ಲರಿಗೂ ಹೋಗುವ ಹಬ್ಬದ ಆಫರ್ ಅವರಿಗೂ ಹೋಗಿಬಿಡುತ್ತದೆ. ಅವರು ಬ್ಲಾಕ್ ಮಾಡಿದರೆ ಬಾಗಿಲು ಪೂರ್ತಿ ಮುಚ್ಚಿತು. ಹಲವರು ರಿಪೋರ್ಟ್ ಮಾಡಿದರೆ ವಾಟ್ಸಾಪ್ ನಿಮ್ಮ ಖಾತೆಯನ್ನೇ ತಡೆಯಬಹುದು.

ಆಮೇಲೆ ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ತಾರೀಕು, ಮಾತನಾಡಿದವರ ಹೆಸರು, ಅವರದೇ ಶಬ್ದಗಳನ್ನು ಬರೆದಿಡಿ. ‘ಬೇಡ ಅಂದರು’ ಎಂದಷ್ಟೇ ಬರೆದರೆ ಮುಂದೆ ಉಪಯೋಗಕ್ಕೆ ಬಾರದು. ‘ಕಾಯಂ ಸಪ್ಲೈ ಇದೆ’ ಎಂಬುದರಲ್ಲಿ ನಿಮಗೊಂದು ಸುದ್ದಿ ಇದೆ: ಬಹುಶಃ ಅಲ್ಲಿ ಈ ಪದಾರ್ಥ ಖರ್ಚಾಗುತ್ತಿದೆ. ‘ನಮ್ಮ ಗಿರಾಕಿಗಳು ಕುಡಿಯುವುದಿಲ್ಲ’ ಎಂದಿದ್ದರೆ ಮತ್ತೆ ಹೋಗುವ ಅರ್ಥವೇ ಇರಲಿಲ್ಲ.

ಮತ್ತೆ ಬರೆಯುವುದು ಯಾವಾಗ? ಕರಾವಳಿಯ ಪ್ರವಾಸಿ ಹಂಗಾಮು ಜೋರಾಗಿರುವಾಗ ಯಾವ ಮ್ಯಾನೇಜರೂ ಸಪ್ಲೈ ಬದಲಿಸುವ ಗೋಜಿಗೆ ಹೋಗುವುದಿಲ್ಲ. ಮುರುಗಲು ಹಣ್ಣಾಗುವುದು ಬೇಸಿಗೆಯ ಕೊನೆಗೆ. ಮಳೆಗಾಲ ಅವರಿಗೆ ಖಾಲಿ ಹೊತ್ತು. ಹೊಸ ಹಂಗಾಮಿನ ತಯಾರಿ ನಡೆಯುವ ಸೆಪ್ಟೆಂಬರಿನಲ್ಲಿ, ಮೊದಲ ಸಲ ಇಲ್ಲದ ಏನಾದರೂ ನಿಮ್ಮ ಕೈಯಲ್ಲಿದ್ದರೆ ಮಾತ್ರ, ಒಂದು ಸಲ ಬರೆಯಿರಿ. ಆಗ ಬರೀ ಬಾಟಲಿ ಇತ್ತು, ಈಗ ಅಡುಗೆಮನೆಗೆ ಒಗ್ಗುವ 5 ಲೀಟರಿನ ಕ್ಯಾನ್ ಬಂದಿದೆ ಎನ್ನಿ. ಅದು ಬರೆಯಲು ಸಾಕಷ್ಟು ಕಾರಣ. ‘ಸುಮ್ಮನೆ ನೆನಪಿಸುತ್ತಿದ್ದೇನೆ’ ಎಂಬುದು ಕಾರಣವಲ್ಲ.

“ನಮಸ್ಕಾರ ಸರ್. ಕಳೆದ ನವೆಂಬರಿನಲ್ಲಿ ಕಾಯಂ ಪೂರೈಕೆ ಇದೆ ಎಂದು ತಿಳಿಸಿದ್ದಿರಿ. ಈ ವರ್ಷದಿಂದ 5 ಲೀಟರ್ ಕ್ಯಾನಿನಲ್ಲೂ ಕೊಡುತ್ತಿದ್ದೇವೆ, ಅದಕ್ಕಾಗಿ ತಿಳಿಸಿದೆ. ಬೇಡವಾದರೆ ಉತ್ತರಿಸುವ ಅಗತ್ಯವಿಲ್ಲ.”

ಹಿಂದಿನ ನಿರಾಕರಣೆಯನ್ನು ಮುಚ್ಚಿಡಬೇಡಿ. ಮೊದಲ ಸಲ ಬರೆದಂತೆ ಬರೆದರೆ, ಮೇಲಕ್ಕೆ ಸರಿಸಿ ನೋಡಿದವರಿಗೆ ಹಳೆಯ ಮಾತು ಅಲ್ಲೇ ಕಾಣುತ್ತದೆ. ಮ್ಯಾನೇಜರ್ ಬದಲಾಗಿದ್ದರೂ ‘ಹಿಂದಿನವರು ಆಗ ಬೇಡ ಎಂದಿದ್ದರು’ ಎಂದೇ ಹೇಳಿ. ಈ ಮಧ್ಯೆ ಶಿರಸಿ ಜಾತ್ರೆಯಲ್ಲೋ ಕುಮಟಾ ಪೇಟೆಯಲ್ಲೋ ಅವರೇ ಎದುರಾದರೆ ಕ್ಷೇಮಸಮಾಚಾರ ಮಾತಾಡಿ. ಸಿರಪ್ಪಿನ ಸುದ್ದಿ ಅವರಾಗಿ ಎತ್ತಿದರೆ ಮಾತ್ರ ಮುಂದುವರಿಸಿ.

ಸೆಪ್ಟೆಂಬರಿನ ಸಂದೇಶಕ್ಕೂ ಉತ್ತರ ಬಾರದಿದ್ದರೆ ಪುಸ್ತಕದ ಆ ಸಾಲಿಗೆ ಅಡ್ಡಗೆರೆ ಎಳೆಯಿರಿ. ನಂಬರ್ ಮಾತ್ರ ಅಳಿಸಬೇಡಿ, ಅವರು ಕರೆ ಮಾಡಿದ ದಿನ ಯಾರೆಂದು ಗೊತ್ತಾಗಬೇಕು.

— ಸಂಪಾದಕರು