ಮಿಲ್ಲು ಲಾಭದಲ್ಲಿದ್ದರೂ ಗುಡ್‌ವಿಲ್ ಇಳಿಸಬೇಕಾಗುವುದು ಯಾಕೆ

ಪ್ರಶ್ನೆ: "ನಮ್ಮ ಕಂಪನಿ ಮೂರು ವರ್ಷದ ಹಿಂದೆ ಬೀದರ್‌ನ ಒಂದು ಬೇಳೆ ಮಿಲ್ಲು ಕೊಂಡಿತು. ಕನ್ಸಾಲಿಡೇಟೆಡ್ ಲೆಕ್ಕದಲ್ಲಿ ಗುಡ್‌ವಿಲ್ ಅಂತ ದೊಡ್ಡ ಮೊತ್ತ ನಿಂತಿದೆ. ಮಿಲ್ಲು ಈಗಲೂ ಲಾಭದಲ್ಲಿದೆ, ಆದರೂ ಆಡಿಟರ್ ಇಂಪೇರ್‌ಮೆಂಟ್ ಮಾಡಿ, ಅಂದರೆ ಆ ಮೊತ್ತವನ್ನು ನಷ್ಟವಾಗಿ ಬರೆದು ಇಳಿಸಿ ಅನ್ನುತ್ತಿದ್ದಾರೆ. ತಪ್ಪಿಸಿಕೊಳ್ಳೋಕೆ ದಾರಿ ಇದೆಯಾ?"

ದಾರಿ ಹುಡುಕಬೇಡಿ. ಕಲಬುರಗಿಯಲ್ಲಿ ನಾನು ಅಕೌಂಟ್ಸ್ ನೋಡುತ್ತಿದ್ದ ಕಂಪನಿಗೂ ಇದೇ ಪ್ರಸಂಗ ಬಂದಿತ್ತು. ಅಲ್ಲಿ ಒಂದು ದಾರಿ ಸಿಕ್ಕಿತು, ಆ ದಾರಿಯೇ ದುಬಾರಿಯಾಯಿತು. ಅಂಕಿಗಳನ್ನು ದುಂಡಾಗಿಸಿ ಹೇಳುತ್ತೇನೆ.

ನಮ್ಮದು ಲಿಸ್ಟೆಡ್ ಗುಂಪಿನ ಕಂಪನಿ, ಹಾಗಾಗಿ ಇಂಡ್ ಎಎಸ್ ಎಂಬ ಭಾರತೀಯ ಲೆಕ್ಕ ಮಾನದಂಡಗಳ ಪ್ರಕಾರ ಲೆಕ್ಕ. ಬೀದರ್‌ನದೇ ಇನ್ನೊಂದು ಬೇಳೆ ಮಿಲ್ಲಿನ ಎಲ್ಲ ಷೇರುಗಳನ್ನು 40 ಕೋಟಿಗೆ ಕೊಂಡರು. ಆ ಮಿಲ್ಲಿನ ಪುಸ್ತಕದಲ್ಲಿ ಆಸ್ತಿಯಿಂದ ಸಾಲ ಕಳೆದು ಉಳಿದದ್ದು 22 ಕೋಟಿ. ಜಾಗ ಮತ್ತು ಯಂತ್ರಗಳನ್ನು ಅಂದಿನ ನ್ಯಾಯಬೆಲೆಗೆ ತಂದಾಗ 4 ಕೋಟಿ ಹೆಚ್ಚಿತು. ಪುಸ್ತಕದಲ್ಲೇ ಇಲ್ಲದಿದ್ದ ಬ್ರ್ಯಾಂಡಿಗೆ ಮೌಲ್ಯಮಾಪಕರು 4 ಕೋಟಿ ಕಟ್ಟಿದರು. ಹೀಗೆ ಹೆಚ್ಚಾದ 8 ಕೋಟಿಯ ಮೇಲೆ ಸುಮಾರು ಶೇ 25ರಂತೆ 2 ಕೋಟಿ ಡಿಫರ್ಡ್ ಟ್ಯಾಕ್ಸ್, ಅಂದರೆ ಮುಂದೆ ಕಟ್ಟಬೇಕಾಗುವ ತೆರಿಗೆಯ ಹೊಣೆ ಬರೆದು ಕಳೆಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಒಟ್ಟು 28 ಕೋಟಿ ಆಯಿತು. ಕೊಟ್ಟದ್ದು 40. ನಡುವಿನ 12 ಕೋಟಿಯೇ ಗುಡ್‌ವಿಲ್.

ಆ 12 ಕೋಟಿ ಕೊಟ್ಟದ್ದು ಯಾವುದಕ್ಕೆ? ಮಿಲ್ಲಿನಿಂದ ಮುಂದೆ ಬರುವ ಹಣ ಆಸ್ತಿಗಳ ಬೆಲೆಗಿಂತ ಹೆಚ್ಚಿರುತ್ತದೆ ಎಂಬ ನಂಬಿಕೆಗೆ. ಮೊದಲ ವರ್ಷ 4.8 ಕೋಟಿ ಬರುತ್ತದೆ, ಮುಂದೆ ವರ್ಷಕ್ಕೆ ಶೇ 3ರಂತೆ ಬೆಳೆಯುತ್ತದೆ, ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಶೇ 14 ಎಂದು ಹಿಡಿದಿದ್ದರು. 14ರಲ್ಲಿ ಬೆಳವಣಿಗೆಯ 3 ಕಳೆದು, 4.8ನ್ನು ಶೇ 11ರಿಂದ ಭಾಗಿಸಿದರೆ ಸುಮಾರು 43.6 ಕೋಟಿ. ಹಾಗಾಗಿ 40 ಕೊಡುವುದು ಸರಿ ಅನ್ನಿಸಿತ್ತು.

ಮೂರು ವರ್ಷ ಕಳೆದ ಮೇಲೆ ಆ ಲೆಕ್ಕ ಬದಲಾಯಿತು. ದೊಡ್ಡ ಅಂಗಡಿ ಸರಪಳಿಗಳು ಸ್ವಂತ ಪ್ಯಾಕೆಟ್ ಬೇಳೆ ತಂದವು. ಗಂಜ್‌ನಲ್ಲಿ ತೊಗರಿ ಏರಿದಷ್ಟು ವೇಗವಾಗಿ ನಮ್ಮ ಪ್ಯಾಕೆಟ್ ಬೆಲೆ ಏರಲಿಲ್ಲ. ಬರುವ ಹಣ 4.2 ಕೋಟಿಗೆ ಇಳಿಯಿತು. ಬಡ್ಡಿ ಏರಿದ್ದರಿಂದ ಡಿಸ್ಕೌಂಟ್ ದರ ಶೇ 15 ಆಯಿತು. 4.2ನ್ನು ಶೇ 12ರಿಂದ ಭಾಗಿಸಿ ನೋಡಿ, 35 ಕೋಟಿ. ಪುಸ್ತಕದಲ್ಲಿ ಸವಕಳಿ ಹೋಗಿ ಆಸ್ತಿ 27, ಗುಡ್‌ವಿಲ್ 12, ಒಟ್ಟು 39. ಮಾರಿದರೆ ಬರುವ ಬೆಲೆ, ಖರ್ಚು ಕಳೆದು, 35ಕ್ಕಿಂತ ಕಡಿಮೆಯೇ ಇತ್ತು. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯಬೇಕು ಎಂದು ಇಂಡ್ ಎಎಸ್ 36 ಹೇಳುತ್ತದೆ. ಕೊರತೆ 4 ಕೋಟಿ.

ನೋಡಿ, ಮಿಲ್ಲು ಆಗಲೂ ವರ್ಷಕ್ಕೆ 4 ಕೋಟಿಗೂ ಹೆಚ್ಚು ತರುತ್ತಿತ್ತು. "ಲಾಭದಲ್ಲಿದೆಯಲ್ಲ" ಎಂಬ ನಿಮ್ಮ ಮಾತಿಗೆ ಇಲ್ಲಿ ಬೆಲೆಯಿಲ್ಲ. ಕೊಂಡಾಗ ನಂಬಿದಷ್ಟು ಲಾಭ ಇನ್ನೂ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಟಾಟಾ ಸ್ಟೀಲ್ 2007ರಲ್ಲಿ ಕೋರಸ್ ಕೊಂಡು, 2013ರಲ್ಲಿ ಗುಡ್‌ವಿಲ್ಲಿನಿಂದಲೇ ಬಹುದೊಡ್ಡ ಮೊತ್ತ ಇಳಿಸಬೇಕಾಗಿ ಬಂದದ್ದೂ ಯುರೋಪಿನ ಉಕ್ಕಿನ ಬೇಡಿಕೆ ಕೊಂಡಾಗಿನ ಅಂದಾಜಿಗೆ ತಕ್ಕಂತೆ ಉಳಿಯದ್ದರಿಂದ.

ಈಗ ಆ ತಪ್ಪಿನ ವಿಚಾರ. 4 ಕೋಟಿ ಬರೆಯಲು ಮ್ಯಾನೇಜ್‌ಮೆಂಟಿಗೆ ಮನಸ್ಸಿರಲಿಲ್ಲ. ಗುಡ್‌ವಿಲ್ಲನ್ನು ಬೀದರ್ ಮಿಲ್ಲಿಗೆ ಮಾತ್ರ ಹಂಚದೆ, ಕಲಬುರಗಿಯ ಹಳೇ ಮಿಲ್ಲು ಮತ್ತು ಬೀದರ್ ಎರಡನ್ನೂ ಸೇರಿಸಿ ಒಂದೇ ಘಟಕ ಎಂದು ತೋರಿಸಿದರು. ಹಳೇ ಮಿಲ್ಲಿನ ಪುಸ್ತಕದ ಬೆಲೆ 25 ಕೋಟಿ, ಅದರಿಂದ ಬರುವ ಹಣದ ಬೆಲೆ 50 ಕೋಟಿ. ಸೇರಿಸಿದಾಗ ಪುಸ್ತಕದಲ್ಲಿ 64, ಎದುರಿಗೆ 85. ಕೊರತೆ ಮಾಯವಾಗಿ 21 ಕೋಟಿ ಹೆಚ್ಚುವರಿಯೇ ಕಾಣಿಸಿತು.

ಆ ಹೆಚ್ಚುವರಿ ಎಲ್ಲಿಂದ ಬಂತು ಎಂಬುದೇ ಇಲ್ಲಿಯ ಮರ್ಮ. ಹಳೇ ಮಿಲ್ಲಿನ ಯಂತ್ರಗಳು ಸವೆದು ಪುಸ್ತಕದಲ್ಲಿ ಅಗ್ಗವಾಗಿದ್ದವು. ಅದರ ಸ್ವಂತ ಹೆಸರು, ಹಳೇ ಗಿರಾಕಿಗಳು, ಅಡತಿಯವರೊಂದಿಗಿನ ವಿಶ್ವಾಸ ಇವೆಲ್ಲ ತಾವೇ ಬೆಳೆಸಿದ ಗುಡ್‌ವಿಲ್. ತಾನೇ ಬೆಳೆಸಿದ್ದನ್ನು ಪುಸ್ತಕದಲ್ಲಿ ಬರೆಯಲು ನಿಯಮ ಬಿಡುವುದಿಲ್ಲ. ಬರೆಯದೇ ಇದ್ದ ಆ 25 ಕೋಟಿಯ ಮರೆಯಲ್ಲಿ ಬೀದರ್‌ನ ಕೊರತೆ ಅಡಗಿತು. ಕೊಂಡ ಗುಡ್‌ವಿಲ್ ಕರಗಿತ್ತು, ಬೆಳೆಸಿದ ಗುಡ್‌ವಿಲ್ ಅದರ ಜಾಗದಲ್ಲಿ ನಿಂತು ಲೆಕ್ಕ ಸರಿದೂಗಿಸಿತು.

ಎರಡು ಮಿಲ್ಲು ಸೇರಿಸುವುದೇ ತಪ್ಪೇನಲ್ಲ. ಗುಡ್‌ವಿಲ್ಲನ್ನು ಮ್ಯಾನೇಜ್‌ಮೆಂಟ್ ಯಾವ ಮಟ್ಟದಲ್ಲಿ ಗಮನಿಸುತ್ತದೋ ಆ ಅತಿ ಕೆಳಗಿನ ಮಟ್ಟಕ್ಕೆ ಹಂಚಬೇಕು, ಅದು ಆಪರೇಟಿಂಗ್ ಸೆಗ್ಮೆಂಟ್, ಅಂದರೆ ಕಂಪನಿಯ ಒಂದು ವ್ಯವಹಾರ ವಿಭಾಗಕ್ಕಿಂತ ದೊಡ್ಡದಾಗಬಾರದು. ಕೊಂಡದ್ದರಿಂದ ಹಳೇ ಮಿಲ್ಲಿಗೂ ನಿಜವಾಗಿ ಲಾಭವಾಗಿದ್ದರೆ ಅದಕ್ಕೂ ಪಾಲು ಹೋಗುತ್ತದೆ. ಆದರೆ ಇಲ್ಲಿ ಪ್ರತಿ ತಿಂಗಳೂ ಡೈರೆಕ್ಟರುಗಳ ಮುಂದೆ ಹೋಗುತ್ತಿದ್ದ ವರದಿಯಲ್ಲಿ ಬೀದರ್ ಬೇರೆ ಸಾಲು, ಕಲಬುರಗಿ ಬೇರೆ ಸಾಲು. ಬೀದರ್ ಕೊಂಡದ್ದು ಸಾರ್ಥಕವಾಯಿತೇ ಎಂದು ಬೇರೆಯಾಗಿಯೇ ಚರ್ಚೆ ನಡೆಯುತ್ತಿತ್ತು. ಹೊಸದಾಗಿ ಬಂದ ಆಡಿಟರು ಮೊದಲು ಕೇಳಿದ್ದೇ ಆ ತಿಂಗಳ ವರದಿ. ಸೇರಿಸಿದ ಲೆಕ್ಕ ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ಇಂಪೇರ್‌ಮೆಂಟ್ ಇಲ್ಲ ಎಂಬ ಕಾಗದವನ್ನೇ ನೆಚ್ಚಿ ಬೀದರ್‌ನಲ್ಲಿ ಇನ್ನೂ 3 ಕೋಟಿ ಹಾಕಿ ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಹೊಸ ಸಾರ್ಟೆಕ್ಸ್ ಯಂತ್ರ ಕೂರಿಸಿದ್ದರು. ಮರುವರ್ಷ ಬರುವ ಹಣ 3 ಕೋಟಿಗೆ ಇಳಿಯಿತು, ಅದೇ ಶೇ 12ರಿಂದ ಭಾಗಿಸಿದಾಗ ಮಿಲ್ಲಿನ ಬೆಲೆ 25 ಕೋಟಿ ಆಯಿತು. ಸವಕಳಿ ಕಳೆದ ಮೇಲೆ ಆಸ್ತಿ 29, ಗುಡ್‌ವಿಲ್ 12, ಒಟ್ಟು 41. ಕೊರತೆ 16. ಕೊರತೆ ಮೊದಲು ಗುಡ್‌ವಿಲ್ಲನ್ನು ತಿನ್ನುತ್ತದೆ: 12 ಪೂರ್ತಿ ಹೋಯಿತು. ಉಳಿದ 4 ಕೋಟಿಯನ್ನು ಯಂತ್ರ, ಬ್ರ್ಯಾಂಡ್ ಮುಂತಾದವುಗಳ ಮೇಲೆ ಪುಸ್ತಕದ ಬೆಲೆಯ ಪ್ರಮಾಣದಲ್ಲಿ ಹಂಚಿದರು. ಯಾವ ಆಸ್ತಿಯನ್ನೂ ಅದನ್ನು ಮಾರಿದರೆ ಕೈಗೆ ಬರುವ ಬೆಲೆಗಿಂತ ಕೆಳಗೆ ಇಳಿಸುವಂತಿಲ್ಲ, ಹಾಗಾಗಿ ಜಾಗವನ್ನು ಮುಟ್ಟಲಿಲ್ಲ. ಮೂರನೇ ವರ್ಷವೇ 4 ಕೋಟಿ ಬರೆದಿದ್ದರೆ ಗುಡ್‌ವಿಲ್ ಹೇಗೂ ಹೋಗುತ್ತಿತ್ತು, ಆದರೆ ಆ ಸಾರ್ಟೆಕ್ಸ್ ಖರೀದಿಗೆ ಯಾರೂ ಸಹಿ ಹಾಕುತ್ತಿರಲಿಲ್ಲ. ಗುಡ್‌ವಿಲ್ ಇಳಿಸಿದರೆ ಕೈಯಿಂದ ಹಣ ಹೋಗುವುದಿಲ್ಲ. ಸಾರ್ಟೆಕ್ಸಿಗೆ ಹಣವೇ ಹೋಯಿತು.

ಬ್ಯಾಂಕಿನ ಭಯ ನಿಮಗಿದ್ದರೆ ಮೊದಲು ಸಾಲದ ಕರಾರು ಓದಿ. ಸಾಮಾನ್ಯವಾಗಿ ಅವರು ನೋಡುವುದು ಟ್ಯಾಂಜಿಬಲ್ ನೆಟ್‌ವರ್ತ್. ಅದರಲ್ಲಿ ಗುಡ್‌ವಿಲ್ಲನ್ನು ಮೊದಲೇ ಕಳೆದಿರುತ್ತಾರೆ.

ನಿಮ್ಮ ಆಡಿಟರ ಮುಂದೆ ಕೂರುವ ಮೊದಲು, ಹಿಂದಿನ ಮೂರು ವರ್ಷದ ಅಂದಾಜನ್ನೂ ನಿಜವಾಗಿ ಬಂದ ಹಣವನ್ನೂ ಪಕ್ಕಪಕ್ಕ ಇಡಿ. ಪ್ರತಿ ವರ್ಷ ಕೆಳಗೇ ಬಿದ್ದಿದ್ದರೆ ಈ ಸಲದ ಅಂದಾಜನ್ನು ಅವರು ನಂಬುವುದಿಲ್ಲ, ನಂಬಲೂಬಾರದು. ಇನ್ನೂ ಕೊಳ್ಳದ ಯಂತ್ರದಿಂದ ಉಳಿಯುವ ಖರ್ಚನ್ನು ಅಂದಾಜಿನಲ್ಲಿ ಸೇರಿಸಿದ್ದರೆ ತೆಗೆದುಬಿಡಿ, ಮಿಲ್ಲನ್ನು ಈಗಿರುವ ಸ್ಥಿತಿಯಲ್ಲೇ ಅಳೆಯಬೇಕು. ಬಡ್ಡಿ ಮತ್ತು ಆದಾಯ ತೆರಿಗೆಯನ್ನು ಹಣದ ಹರಿವಿನಿಂದ ಕಳೆಯಬೇಡಿ, ದರವನ್ನೂ ತೆರಿಗೆಗೆ ಮುಂಚಿನದ್ದೇ ಹಿಡಿಯಿರಿ. ಪುಸ್ತಕದ ಬದಿಯಲ್ಲಿ ದಾಸ್ತಾನು, ಬಾಕಿ ಸೇರಿಸಿದ್ದರೆ ಅವುಗಳಿಂದ ಬರುವ ಹಣವೂ ಇನ್ನೊಂದು ಬದಿಯಲ್ಲಿ ಇರಬೇಕು.

ಇಷ್ಟೆಲ್ಲ ಆದ ಮೇಲೂ ಕೊರತೆ ಬಂದರೆ ಬರೆಯಿರಿ. ಆದರೆ ಸಂಖ್ಯೆಯನ್ನು ಸರಿಯಾಗಿ ಕಟ್ಟಿಯೇ ಬರೆಯಿರಿ, ಯಾಕೆಂದರೆ ಯಂತ್ರಗಳ ಇಂಪೇರ್‌ಮೆಂಟನ್ನು ಮುಂದೆ ಪರಿಸ್ಥಿತಿ ಸುಧಾರಿಸಿದಾಗ ವಾಪಸು ಏರಿಸಬಹುದು, ಗುಡ್‌ವಿಲ್ಲನ್ನು ಏರಿಸುವಂತಿಲ್ಲ. ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಇಳಿಸಿ, ಮಾರ್ಚ್‌ಗೆ ಮಾರುಕಟ್ಟೆ ಚೇತರಿಸಿಕೊಂಡರೂ ಅದು ಇಳಿದೇ ಇರುತ್ತದೆ.